ಕಾಮಾಕ್ಕೊಂದು ಹೆಸರು, ಮಣೆಗೊಂದು ಅಂಕಿ

ಒಂದು ಹಾಳೆ, ಒಂದು ಪೆನ್ನು ಕೈಗೆ ಸಿಗುವಂತೆ ಇಟ್ಟುಕೊಂಡರೆ ಒಳ್ಳೆಯದು. ಇವತ್ತಿನ ವಿಷಯ ಕಿವಿಯಲ್ಲಿ ಕೇಳಿ ಕೈಯಲ್ಲಿ ಬರೆದು ನೋಡಬೇಕಾದದ್ದು. ಲಕ್ಷ ಕೋಟಿಗಳ ಮೊತ್ತವನ್ನು ಸೊನ್ನೆ ತಪ್ಪದೆ ಓದುವುದು, ಬರೆಯುವುದು ಮತ್ತು ಕೂಡುವುದು ಹೇಗೆ? ಇಷ್ಟೇ ವಿಷಯ.

ಒಂದು ರಾತ್ರಿಯ ಸಂಗತಿಯಿಂದ ಶುರು ಮಾಡುತ್ತೇನೆ. ನಮ್ಮ ಕಡೆಯ ಒಂದು ಹಾಲು ಉತ್ಪಾದಕರ ಸಹಕಾರ ಸಂಘ. ಮರುದಿನ ಬೆಳಿಗ್ಗೆ ಸಂಘದ ಮಹಾಸಭೆ. ವರ್ಷದ ಜಮಾದ ಪಟ್ಟಿಯನ್ನು ಸಭೆಯಲ್ಲಿ ಓದಬೇಕು. ರಾತ್ರಿ ಒಂಬತ್ತಕ್ಕೆ ಸಂಘದ ಕಾರ್ಯದರ್ಶಿ ಹುಡುಗ ನನ್ನ ಮನೆ ಬಾಗಿಲಿಗೆ ಬಂದ. ಕೈಯಲ್ಲಿ ಎರಡು ಪುಸ್ತಕ. ಹಳೆಯ ರಿಜಿಸ್ಟರ್ ಒಂದು, ಸಭೆಗೆಂದು ಅದರಿಂದ ನಕಲು ಮಾಡಿಕೊಂಡ ಪಟ್ಟಿ ಇನ್ನೊಂದು.

"ಮೇಷ್ಟ್ರೇ, ರಿಜಿಸ್ಟರಿನ ಒಟ್ಟು ಒಂದು, ನನ್ನ ಪಟ್ಟಿಯ ಒಟ್ಟು ಇನ್ನೊಂದು. ಮೂರು ಸಲ ಕೂಡಿದೆ. ಮೂರು ಸಲವೂ ಅದೇ ಬರ್ತಿದೆ" ಅಂದ.

ಎರಡಕ್ಕೂ ಇದ್ದ ವ್ಯತ್ಯಾಸ ಆರು ಲಕ್ಷದ ಎಪ್ಪತ್ತೈದು ಸಾವಿರ. ಅಂಕಿಯಲ್ಲಿ 6,75,000. ಇದನ್ನು ನಿಮ್ಮ ಹಾಳೆಯ ಮೂಲೆಯಲ್ಲಿ ಬರೆದಿಡಿ. ಈ ಮಾತು ಮುಗಿಯುವುದರೊಳಗೆ ಆ ತಪ್ಪು ಎಲ್ಲಿತ್ತು ಎಂದು ನೀವೇ ಹೇಳುವಿರಿ.

ಮೊದಲು ಓದುವ ಕ್ರಮ ನೋಡೋಣ.

ದೊಡ್ಡ ಮೊತ್ತದ ನಡುವೆ ನಾವು ಅಲ್ಪವಿರಾಮ ಹಾಕುತ್ತೇವೆ. ಅಂಗಡಿ, ಬ್ಯಾಂಕುಗಳಲ್ಲಿ ಅದನ್ನು ಕಾಮಾ ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಈ ಕಾಮಾವನ್ನು ಬಲಗಡೆಯಿಂದ ಎಣಿಸಬೇಕು. ಬಲತುದಿಯಿಂದ ಮೂರು ಅಂಕಿ ಬಿಟ್ಟು ಮೊದಲನೆಯ ಕಾಮಾ. ಅಲ್ಲಿಂದ ಎರಡು ಅಂಕಿ ಬಿಟ್ಟು ಎರಡನೆಯದು. ಮತ್ತೆ ಎರಡು ಅಂಕಿ ಬಿಟ್ಟು ಮೂರನೆಯದು.

ಮೊದಲು ಮೂರು, ಆಮೇಲೆ ಎರಡೆರಡು ಯಾಕೆ? ನಮ್ಮ ಎಣಿಕೆಯ ಹೆಸರುಗಳೇ ಅದಕ್ಕೆ ಕಾರಣ. ಸಾವಿರದ ಕೆಳಗೆ ಬಿಡಿ, ಹತ್ತು, ನೂರು ಎಂದು ಮೂರು ಸ್ಥಾನ. ಸಾವಿರದ ಮೇಲೆ ನೂರು ಕೂಡಿದಾಗಲೆಲ್ಲ ಹೊಸ ಹೆಸರು ಹುಟ್ಟುತ್ತದೆ. ನೂರು ಸಾವಿರ ಸೇರಿದರೆ ಲಕ್ಷ, ನೂರು ಲಕ್ಷ ಸೇರಿದರೆ ಕೋಟಿ. ಸಾವಿರಗಳು ತೊಂಬತ್ತೊಂಬತ್ತರವರೆಗೆ ಮಾತ್ರ ಇರಬಲ್ಲವು. ತೊಂಬತ್ತೊಂಬತ್ತನ್ನು ಬರೆಯಲು ಎರಡು ಅಂಕಿ ಸಾಕು. ಲಕ್ಷಕ್ಕೂ ಹಾಗೆಯೇ.

ಹಾಗಾಗಿ ಪ್ರತಿ ಕಾಮಾಕ್ಕೂ ಒಂದು ಹೆಸರು ಕೊಡಬಹುದು. ಬಲಗಡೆಯಿಂದ ಮೊದಲನೆಯದು ಸಾವಿರದ ಕಾಮಾ, ಎರಡನೆಯದು ಲಕ್ಷದ ಕಾಮಾ, ಮೂರನೆಯದು ಕೋಟಿಯ ಕಾಮಾ. ಹೆಸರಿಡುವುದು ಬಲದಿಂದ, ಓದುವುದು ಎಡದಿಂದ. ಓದುವಾಗ ಸೊನ್ನೆಗಳನ್ನು ಎಣಿಸಲೇಬೇಡಿ. ಅಂಕಿ ಓದಿ, ಕಾಮಾ ಬಂದ ಕೂಡಲೇ ಅದರ ಹೆಸರು ಹೇಳಿ.

ಒಂದು ನಿಜವಾದ ಸಂಖ್ಯೆ ಓದೋಣ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297. ಬರೆದುಕೊಳ್ಳಿ: ಆರು, ಕಾಮಾ. ಒಂದು ಸೊನ್ನೆ, ಕಾಮಾ. ಒಂಬತ್ತು ಐದು, ಕಾಮಾ. ಎರಡು ಒಂಬತ್ತು ಏಳು. ಒಟ್ಟು ಮೂರು ಕಾಮಾ. ಮೂರು ಎಂದರೆ ಎಡತುದಿಯದು ಕೋಟಿ. ಈಗ ಓದಿ. ಆರು, ಕೋಟಿ. ಹತ್ತು, ಲಕ್ಷ. ತೊಂಬತ್ತೈದು, ಸಾವಿರ. ಇನ್ನೂರ ತೊಂಬತ್ತೇಳು. ಬಾಯಿಮಾತಿನಲ್ಲಿ ಹೇಳುವುದಾದರೆ ಸುಮಾರು ಆರು ಕೋಟಿ ಹನ್ನೊಂದು ಲಕ್ಷ.

ಇದುವರೆಗಿನದ್ದು ಓದುವ ಮಾತು. ಕಾಮಾಗಳನ್ನು ಬಲದಿಂದ ಎಣಿಸಿ ಹೆಸರಿಟ್ಟೆವು. ಎಡದಿಂದ ಓದಿದೆವು. ಇನ್ನು ಕಿವಿಯಲ್ಲಿ ಕೇಳಿದ್ದನ್ನು ಬರೆಯುವ ಮಾತು. ಹೆಚ್ಚಿನ ತಪ್ಪು ಆಗುವುದು ಇಲ್ಲೇ.

ನಾನು ಹೇಳುತ್ತೇನೆ, ನೀವು ಅಂಕಿಯಲ್ಲಿ ಬರೆಯಿರಿ. ಒಂದು ಲಕ್ಷದ ಐದು ಸಾವಿರ.

ಬರೆದಿರಾ? ಇದೇ ಮೊತ್ತವನ್ನು ಮಕ್ಕಳು ಮೂರು ಬಗೆಯಲ್ಲಿ ಬರೆದದ್ದನ್ನು ನೋಡಿದ್ದೇನೆ. ಒಬ್ಬರು 15,000 ಎಂದು ಬರೆಯುತ್ತಾರೆ. ಅದು ಹದಿನೈದು ಸಾವಿರ. ಇನ್ನೊಬ್ಬರು 1,50,000 ಎನ್ನುತ್ತಾರೆ. ಅದು ಒಂದೂವರೆ ಲಕ್ಷ. ಸರಿಯಾದದ್ದು 1,05,000. ಒಂದು, ಕಾಮಾ, ಸೊನ್ನೆ ಐದು, ಕಾಮಾ, ಮೂರು ಸೊನ್ನೆ.

ಈ ತಪ್ಪು ಯಾಕೆ ಬರುತ್ತದೆ? ನಾವು ಮಾತಾಡುವಾಗ ಸೊನ್ನೆಯನ್ನು ಉಚ್ಚರಿಸುವುದಿಲ್ಲ. ಐದು ಸಾವಿರ ಅನ್ನುತ್ತೇವೆ, ಸೊನ್ನೆ ಐದು ಸಾವಿರ ಅನ್ನುವುದಿಲ್ಲ. ಬಾಯಿ ನುಂಗಿದ ಸೊನ್ನೆಯನ್ನು ಕೈ ನೆನಪಿಟ್ಟು ಬರೆಯಬೇಕು.

ಅದಕ್ಕೆ ನಾನು ಮಕ್ಕಳಿಗೆ ಹೀಗೆ ಹೇಳಿಕೊಡುತ್ತಿದ್ದೆ. ಎರಡು ಕಾಮಾಗಳ ನಡುವಿನ ಜಾಗ ಒಂದು ಕೋಣೆ. ಊಟಕ್ಕೆ ಕೂರಲು ಮಣೆ ಹಾಕಿದ ಕೋಣೆ. ಸಾವಿರದ ಕೋಣೆಯಲ್ಲಿ ಎರಡು ಮಣೆ. ಲಕ್ಷದ ಕೋಣೆಯಲ್ಲಿ ಎರಡು ಮಣೆ. ಬಲತುದಿಯ ಕೋಣೆಯಲ್ಲಿ ಮಾತ್ರ ಮೂರು ಮಣೆ. ಯಾವ ಮಣೆಯೂ ಖಾಲಿ ಇರಬಾರದು. ಕೂರಲು ಅಂಕಿ ಇಲ್ಲದಿದ್ದರೆ ಅಲ್ಲೊಂದು ಸೊನ್ನೆ ಕೂರಬೇಕು. ಐದು ಸಾವಿರ ಎಂದಾಗ ಐದು ಬಲಗಡೆಯ ಮಣೆಯಲ್ಲಿ ಕೂರುತ್ತದೆ. ಎಡಗಡೆಯ ಮಣೆ ಸೊನ್ನೆಗೆ. ಎಲ್ಲಕ್ಕಿಂತ ಎಡಗಡೆಯ ಕೋಣೆಗೆ ಮಾತ್ರ ಈ ಕಟ್ಟು ಇಲ್ಲ. ಅಲ್ಲಿ ಒಂದೇ ಅಂಕಿ ಇದ್ದರೂ ಸರಿ.

ಇನ್ನೊಂದು ಬರೆಯಿರಿ. ಎರಡು ಕೋಟಿ ಮೂವತ್ತು ಸಾವಿರ. ಇಲ್ಲಿ ಲಕ್ಷದ ಹೆಸರೇ ಬರಲಿಲ್ಲ. ಹೆಸರು ಬರಲಿಲ್ಲ ಅಂದರೆ ಆ ಕೋಣೆ ಇಲ್ಲ ಎಂದಲ್ಲ, ಅದರ ಎರಡು ಮಣೆಯಲ್ಲೂ ಸೊನ್ನೆ ಇದೆ ಎಂದು. ಹಾಗಾಗಿ 2,00,30,000. ಬರೆದ ಮೇಲೆ ಕಾಮಾಗಳನ್ನು ಎಣಿಸಿ. ಕೋಟಿಗೆ ಮೂರು ಕಾಮಾ ಇರಲೇಬೇಕು. ಎರಡೇ ಇದ್ದರೆ ಒಂದು ಇಡೀ ಕೋಣೆ ಬಿಟ್ಟುಹೋಗಿದೆ.

ಚೆಕ್ಕಿನಲ್ಲಿ ಅಂಕಿಯ ಜೊತೆ ಅಕ್ಷರದಲ್ಲೂ ಬರೆಸುವುದರಿಂದ ಈ ನುಂಗಿದ ಸೊನ್ನೆಯೂ ಸಿಕ್ಕಿಬೀಳುತ್ತದೆ. 1881ರ ವರ್ಗಾವಣೀಯ ಲಿಖಿತ ಪತ್ರಗಳ ಕಾಯ್ದೆಯ 18ನೆಯ ಕಲಮು ಸ್ಪಷ್ಟವಾಗಿ ಹೀಗೆ ಹೇಳುತ್ತದೆ. ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿ ಬರೆದದ್ದೇ ಮೊತ್ತ. ವ್ಯತ್ಯಾಸ ಕಂಡು ಬ್ಯಾಂಕು ಚೆಕ್ಕನ್ನು ಮರಳಿಸಲೂಬಹುದು. ಆದ್ದರಿಂದ ಮೊದಲು ಅಕ್ಷರದಲ್ಲಿ ಬರೆಯಿರಿ. ಆಮೇಲೆ ಅದನ್ನು ಗಟ್ಟಿಯಾಗಿ ಓದುತ್ತ ಅಂಕಿ ಬರೆಯಿರಿ.

ಎರಡು ಮಾತು ಆಯಿತು. ಕಾಮಾಕ್ಕೆ ಹೆಸರಿಟ್ಟು ಓದುವುದು. ಮಣೆ ಖಾಲಿ ಬಿಡದೆ ಬರೆಯುವುದು. ಮೂರನೆಯದು ಬಿಂದು ಹಾಕಿ ಬರೆದ ಮೊತ್ತ. ಒಂದು ಬಿಂದು ಸೊನ್ನೆ ಐದು ಕೋಟಿ, ಒಂದು ಬಿಂದು ಐದು ಕೋಟಿ. ಪತ್ರಿಕೆಗಳಲ್ಲಿ ದಿನವೂ ಕಾಣುವ ಬರಹ ಇದು.

ಇಲ್ಲೊಂದು ಅನುಕೂಲವಿದೆ. ಕೋಟಿಯಲ್ಲಿ ನೂರು ಲಕ್ಷ. ಹಾಗಾಗಿ ಬಿಂದುವಿನ ನಂತರದ ಎರಡು ಅಂಕಿಗಳು ನೇರವಾಗಿ ಲಕ್ಷಗಳೇ. 1.05 ಕೋಟಿ ಎಂದರೆ ಒಂದು ಕೋಟಿ ಐದು ಲಕ್ಷ. 1.25 ಕೋಟಿ ಎಂದರೆ ಒಂದು ಕೋಟಿ ಇಪ್ಪತ್ತೈದು ಲಕ್ಷ. ಹಾಗಾದರೆ 1.5 ಕೋಟಿ? ಬಿಂದುವಿನ ನಂತರ ಒಂದೇ ಅಂಕಿ ಇದೆ. ಒಂದು ಮಣೆ ಖಾಲಿ. ಸೊನ್ನೆಯನ್ನು ಯಾವ ಕಡೆ ಕೂರಿಸಬೇಕು?

ಇಲ್ಲಿ ಬಲಗಡೆ ಕೂರಿಸಬೇಕು. 1.5 ಎಂದರೆ 1.50. ಅಂದರೆ ಒಂದು ಕೋಟಿ ಐವತ್ತು ಲಕ್ಷ. ಕಾಮಾದ ಕೋಣೆಯಲ್ಲಿ ಸೊನ್ನೆ ಎಡಕ್ಕೆ, ಬಿಂದುವಿನ ನಂತರ ಸೊನ್ನೆ ಬಲಕ್ಕೆ. ಈ ಒಂದು ಮಾತನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. ಇದನ್ನು ಅದಲುಬದಲು ಮಾಡಿದವರೇ ಐದು ಲಕ್ಷವನ್ನು ಐವತ್ತು ಲಕ್ಷ ಮಾಡುತ್ತಾರೆ.

ನಮ್ಮ ರಾಜ್ಯದ 2025-26ರ ಬಜೆಟ್ಟಿನ ಗಾತ್ರವನ್ನು ನೋಡಿ. 4.09 ಲಕ್ಷ ಕೋಟಿ ರೂಪಾಯಿ ಎಂದು ಪ್ರಕಟವಾಯಿತು. ಲಕ್ಷದಲ್ಲಿ ನೂರು ಸಾವಿರ. ಆದ್ದರಿಂದ ಇಲ್ಲಿ ಬಿಂದುವಿನ ನಂತರದ ಎರಡು ಅಂಕಿ ಸಾವಿರಗಳು. ನಾಲ್ಕು ಲಕ್ಷದ ಒಂಬತ್ತು ಸಾವಿರ ಕೋಟಿ. ಯಾರಾದರೂ ಆ ಸೊನ್ನೆಯನ್ನು ಬಿಟ್ಟು 4.9 ಎಂದು ಬರೆದುಕೊಂಡರೆ ಅದು ನಾಲ್ಕು ಲಕ್ಷದ ತೊಂಬತ್ತು ಸಾವಿರ ಕೋಟಿ. ಒಂದು ಸೊನ್ನೆಗೆ ಎಂಬತ್ತೊಂದು ಸಾವಿರ ಕೋಟಿಯ ಅಂತರ.

ಕೂಡುವುದಕ್ಕೆ ಹೋಗುವ ಮೊದಲು ಒಂದು ಸಣ್ಣ ಎಚ್ಚರಿಕೆ. ಹೊರದೇಶದ ಕಾಗದಪತ್ರಗಳಲ್ಲಿ, ಕೆಲವು ಕಂಪ್ಯೂಟರುಗಳ ಲೆಕ್ಕದ ಹಾಳೆಗಳಲ್ಲಿ ಕಾಮಾ ಮೂರು ಮೂರು ಅಂಕಿಗೆ ಬೀಳುತ್ತದೆ. ಅದು ಮಿಲಿಯನ್ನಿನ ಲೆಕ್ಕ. ನಮ್ಮ ಜನಸಂಖ್ಯೆಯನ್ನೇ ಅಲ್ಲಿ 61,095,297 ಎಂದು ಬರೆಯುತ್ತಾರೆ. ಅಂಕಿಗಳು ಅವೇ, ಸಾಲೂ ಅದೇ. ಕಾಮಾ ಮಾತ್ರ ಜಾಗ ಬದಲಿಸಿದೆ. ಆ ಕಾಮಾಗಳಿಗೆ ನಮ್ಮ ಹೆಸರು ಕೊಟ್ಟು ಓದಿದರೆ ಅರವತ್ತೊಂದು ಲಕ್ಷವಾಗಿ ಕೆಡುತ್ತದೆ. ಗುರುತಿಸುವುದು ಸುಲಭ. ನಡುವಿನ ಕೋಣೆಯಲ್ಲಿ ಮೂವರು ಕೂತಿದ್ದರೆ ಅದು ನಮ್ಮ ಕಾಮಾ ಅಲ್ಲ. 125,000 ಎಂಬಂತೆ ಒಂದೇ ಕಾಮಾ ಇದ್ದು ಎಡಗಡೆ ಮೂರು ಅಂಕಿ ಇದ್ದರೂ ಅದು ಆ ಲೆಕ್ಕವೇ. ಆಗ ಕಾಮಾಗಳನ್ನೆಲ್ಲ ಅಳಿಸಿ, ಬಲಗಡೆಯಿಂದ ಮೂರು, ಎರಡು, ಎರಡು ಎಂದು ಹೊಸದಾಗಿ ಹಾಕಿ. 125,000 ಎಂಬುದು 1,25,000 ಆಗುತ್ತದೆ. ಒಂದೂಕಾಲು ಲಕ್ಷ.

ಈಗ ಓದಲು ಬರುತ್ತದೆ, ಬರೆಯಲು ಬರುತ್ತದೆ, ಬಿಂದು ಗೊತ್ತು, ಬೇರೆ ಕಾಮಾ ಕಂಡರೆ ಗುರುತು ಸಿಗುತ್ತದೆ. ಇನ್ನು ಕೂಡೋಣ. ಆ ಹಾಲಿನ ಸಂಘದ ರಿಜಿಸ್ಟರಿನಲ್ಲಿದ್ದ ನಾಲ್ಕು ಬಾಬ್ತುಗಳನ್ನು ಹೇಳುತ್ತೇನೆ. ಒಂದರ ಕೆಳಗೊಂದು ಬರೆಯಿರಿ. ಕಾಮಾದ ಕೆಳಗೆ ಕಾಮಾ ಬರಬೇಕು. ಬಲತುದಿ ಒಂದೇ ಗೆರೆಯಲ್ಲಿ ನಿಲ್ಲಬೇಕು. ಎಡತುದಿ ಹೇಗಾದರೂ ಇರಲಿ.

ಒಕ್ಕೂಟಕ್ಕೆ ಕಳಿಸಿದ ಹಾಲಿನಿಂದ ಬಂದದ್ದು ಒಂದು ಕೋಟಿ ಐದು ಲಕ್ಷದ ಏಳು ಸಾವಿರದ ಏಳು ನೂರು. 1,05,07,700.

ಪಶು ಆಹಾರದ ಮಾರಾಟ ಹನ್ನೆರಡು ಲಕ್ಷದ ನಲವತ್ತು ಸಾವಿರದ ಆರು ನೂರು. 12,40,600.

ಊರೊಳಗೆ ಮಾರಿದ ಹಾಲು ಎಂಟು ಲಕ್ಷದ ಒಂಬತ್ತು ಸಾವಿರ. 8,09,000.

ಬಡ್ಡಿ ಮತ್ತು ಇತರೆ ಎಪ್ಪತ್ತೈದು ಸಾವಿರ. 75,000.

ಒಂದೊಂದೇ ಅಂಕಿಯ ಸಾಲನ್ನು ಕೂಡುತ್ತ ಹೋಗುವುದು ಶಾಲೆಯ ಕ್ರಮ. ಅದು ತಪ್ಪಲ್ಲ. ಆದರೆ ಎಂಟು ಸಾಲು ದಾಟುವಷ್ಟರಲ್ಲಿ ಕಣ್ಣು ಜಾರುತ್ತದೆ. ನಾನು ಕೋಣೆ ಕೋಣೆಯಾಗಿ ಕೂಡುತ್ತೇನೆ.

ಬಲತುದಿಯ ಕೋಣೆ ಮೊದಲು. ಏಳು ನೂರು, ಆರು ನೂರು, ಸೊನ್ನೆ, ಸೊನ್ನೆ. ಒಟ್ಟು ಸಾವಿರದ ಮುನ್ನೂರು. ಈ ಕೋಣೆಯಲ್ಲಿ ಮೂರು ಮಣೆ. ಮುನ್ನೂರನ್ನು ಇಲ್ಲಿ ಕೂರಿಸಿ. ಉಳಿದ ಒಂದು ಸಾವಿರವನ್ನು ಪಕ್ಕದ ಕೋಣೆಗೆ ಕಳಿಸಿ.

ಈಗ ಸಾವಿರದ ಕೋಣೆ. ಏಳು, ನಲವತ್ತು, ಒಂಬತ್ತು, ಎಪ್ಪತ್ತೈದು. ಒಟ್ಟು ನೂರ ಮೂವತ್ತೊಂದು. ಬಂದ ಒಂದು ಸೇರಿ ನೂರ ಮೂವತ್ತೆರಡು. ಇಲ್ಲಿ ಎರಡೇ ಮಣೆ. ಮೂವತ್ತೆರಡು ಇಲ್ಲಿ ಕೂರಲಿ. ನೂರು ಸಾವಿರ ಒಂದು ಲಕ್ಷವಾಗಿ ಮುಂದಿನ ಕೋಣೆಗೆ ಹೋಗಲಿ.

ಲಕ್ಷದ ಕೋಣೆ. ಐದು, ಹನ್ನೆರಡು, ಎಂಟು. ಇಪ್ಪತ್ತೈದು. ಬಂದ ಒಂದು ಸೇರಿ ಇಪ್ಪತ್ತಾರು. ಮುಂದಕ್ಕೆ ಕಳಿಸುವುದು ಏನೂ ಇಲ್ಲ. ಕೋಟಿಯ ಕೋಣೆಯಲ್ಲಿ ಒಂದು.

ಒಟ್ಟು ಒಂದು ಕೋಟಿ ಇಪ್ಪತ್ತಾರು ಲಕ್ಷದ ಮೂವತ್ತೆರಡು ಸಾವಿರದ ಮುನ್ನೂರು. 1,26,32,300.

ಇದರಲ್ಲಿ ಒಂದೇ ಒಂದು ಸೂಕ್ಷ್ಮವಿದೆ. ಬಲತುದಿಯ ಕೋಣೆ ತುಂಬಿ ಹೊರಚೆಲ್ಲುವುದು ಸಾವಿರಕ್ಕೆ. ಉಳಿದ ಕೋಣೆಗಳು ಹೊರಚೆಲ್ಲುವುದು ನೂರಕ್ಕೆ. ಇದನ್ನು ಮರೆತು ಬಲತುದಿಯಲ್ಲೂ ನೂರಕ್ಕೇ ದಾಟಿಸಿದರೆ, ಸಾವಿರದ ಮುನ್ನೂರರಿಂದ ಹದಿಮೂರು ಸಾವಿರ ಹುಟ್ಟಿಬಿಡುತ್ತದೆ. ಒಂದು ಕೋಣೆಯಲ್ಲಿ ಮೂರು ಮಣೆ ಎಂಬುದನ್ನು ಕೈ ಮರೆಯಬಾರದು.

ಸಂಘದ ರಿಜಿಸ್ಟರಿನಲ್ಲಿದ್ದ ಒಟ್ಟು ನಾವು ಕೂಡಿದ ಇದೇ ಮೊತ್ತ. ಹುಡುಗನ ನಕಲು ಪಟ್ಟಿಯಲ್ಲಿದ್ದದ್ದು ಒಂದು ಕೋಟಿ ಮೂವತ್ತಮೂರು ಲಕ್ಷದ ಏಳು ಸಾವಿರದ ಮುನ್ನೂರು. 1,33,07,300. ಈಗ ಕೊನೆಯ ಮಾತಿಗೆ ಬಂದೆವು. ಓದಿ, ಬರೆದು, ಕೂಡಿ ಆದ ಮೇಲೂ ತಾಳೆಯಾಗದಿದ್ದರೆ ತಪ್ಪನ್ನು ಹುಡುಕುವುದು ಹೇಗೆ?

ಹುಡುಗ ಮೂರು ಸಲ ಕೂಡಿದ್ದ. ಮೂರು ಸಲವೂ ಒಂದೇ ಉತ್ತರ ಬಂದಿತ್ತು. ಅಂದರೆ ಕೂಡುವುದರಲ್ಲಿ ತಪ್ಪಿಲ್ಲ, ಬರೆದದ್ದರಲ್ಲಿ ತಪ್ಪಿದೆ ಎಂದು ಅರ್ಥ. ತಪ್ಪಾಗಿ ಬರೆದ ಅಂಕಿಯನ್ನು ನೂರು ಸಲ ಕೂಡಿದರೂ ಅದೇ ಬರುತ್ತದೆ. ಆಗ ಕೂಡುವುದನ್ನು ನಿಲ್ಲಿಸಿ ವ್ಯತ್ಯಾಸವನ್ನು ನೋಡಬೇಕು.

ನಿಮ್ಮ ಹಾಳೆಯ ಮೂಲೆಯಲ್ಲಿರುವ 6,75,000ವನ್ನು ನೋಡಿ. ಅದರ ಅಂಕಿಗಳನ್ನು ಕೂಡಿ. ಆರು, ಏಳು, ಐದು. ಹದಿನೆಂಟು. ಹದಿನೆಂಟು ಒಂಬತ್ತರ ಮಗ್ಗಿಯಲ್ಲಿದೆ. ಆದ್ದರಿಂದ ಇಡೀ ವ್ಯತ್ಯಾಸವೂ ಒಂಬತ್ತರಿಂದ ಭಾಗವಾಗುತ್ತದೆ. ಹಳೆಯ ಲೆಕ್ಕಿಗರು ಇದನ್ನು ಕಂಡ ಕೂಡಲೇ ಸೊನ್ನೆಯ ಮೇಲೆ ಅನುಮಾನ ಪಡುತ್ತಾರೆ. ಕಾರಣ ಸರಳ. ಒಂದು ಮೊತ್ತದ ಕೊನೆಗೆ ಸೊನ್ನೆ ಹೆಚ್ಚಾದರೆ ಅದು ಹತ್ತು ಪಟ್ಟಾಗುತ್ತದೆ. ಹತ್ತು ಪಟ್ಟಿನಲ್ಲಿ ನಿಜವಾದ ಒಂದು ಪಟ್ಟನ್ನು ಕಳೆದರೆ ಉಳಿಯುವುದು ಒಂಬತ್ತು ಪಟ್ಟು. ವ್ಯತ್ಯಾಸದಲ್ಲಿ ಇರುವುದು ಈ ಒಂಬತ್ತು ಪಟ್ಟೇ. ಅದನ್ನು ಒಂಬತ್ತರಿಂದ ಭಾಗಿಸಿದರೆ ಮೂಲ ಮೊತ್ತವೇ ಕೈಗೆ ಬರುತ್ತದೆ.

ಭಾಗಿಸಿ ನೋಡಿ. ಆರು ಲಕ್ಷದ ಎಪ್ಪತ್ತೈದು ಸಾವಿರವನ್ನು ಒಂಬತ್ತರಿಂದ ಭಾಗಿಸಿದರೆ ಎಪ್ಪತ್ತೈದು ಸಾವಿರ. ನಮ್ಮ ಪಟ್ಟಿಯಲ್ಲಿ ಎಪ್ಪತ್ತೈದು ಸಾವಿರ ಯಾವ ಬಾಬ್ತು? ಬಡ್ಡಿ ಮತ್ತು ಇತರೆ. ಅವನ ಪಟ್ಟಿಯ ಆ ಸಾಲಿಗೆ ಬೆರಳಿಟ್ಟೆ. ಅಲ್ಲಿ 7,50,000 ಇತ್ತು. ಏಳೂವರೆ ಲಕ್ಷ.

ಆದದ್ದು ಇಷ್ಟೇ. ರಿಜಿಸ್ಟರಿನಿಂದ ಅವಸರದಲ್ಲಿ ಇಳಿಸಿಕೊಳ್ಳುವಾಗ ಅವನು ಕಾಮಾ ಇಲ್ಲದೆ ಬರೆದುಕೊಂಡಿದ್ದ. ಸಾಲು ಸೊನ್ನೆಗಳ ನಡುವೆ ಒಂದು ಹೆಚ್ಚಾಗಿತ್ತು. ಆಮೇಲೆ ಚೆನ್ನಾಗಿ ಕಾಣಲೆಂದು ಕಾಮಾ ಹಾಕಿದ. ತಪ್ಪು ಅಂಕಿಗೆ ಸರಿಯಾದ ಕಾಮಾ ಬಿತ್ತು. ಅಲ್ಲಿಂದ ಮುಂದೆ ಅದು ತಪ್ಪು ಎಂದು ಯಾರ ಕಣ್ಣಿಗೂ ಕಾಣದಂತಾಯಿತು. ಕಾಮಾವನ್ನು ಕೊನೆಗೆ ಹಾಕಬಾರದು. ಬರೆಯುತ್ತ ಬರೆಯುತ್ತಲೇ ಅದರ ಹೆಸರು ಹೇಳಿ ಹಾಕಬೇಕು.

ಈ ಒಂಬತ್ತರ ಪರೀಕ್ಷೆ ಇನ್ನೊಂದು ತಪ್ಪನ್ನೂ ಹಿಡಿಯುತ್ತದೆ. ಅಕ್ಕಪಕ್ಕದ ಅಂಕಿಗಳು ಅದಲುಬದಲಾದ ತಪ್ಪು. 1,05,000 ಎಂಬುದನ್ನು 1,50,000 ಎಂದು ಬರೆದರೆ ವ್ಯತ್ಯಾಸ ನಲವತ್ತೈದು ಸಾವಿರ. ನಾಲ್ಕು, ಐದು ಕೂಡಿದರೆ ಒಂಬತ್ತು. ಆದರೆ ಈ ಪರೀಕ್ಷೆಗೂ ಒಂದು ಮಿತಿ ಇದೆ. ಒಂಬತ್ತರಿಂದ ಭಾಗವಾದ ಮಾತ್ರಕ್ಕೆ ಸೊನ್ನೆಯೇ ತಪ್ಪು ಎಂದು ತೀರ್ಮಾನವಲ್ಲ. ಅಲ್ಲಿ ಮೊದಲು ಹುಡುಕಿ ಎಂಬ ಸೂಚನೆ ಮಾತ್ರ. ಭಾಗವಾಗದಿದ್ದರೆ ಬೇರೆ ಕಡೆ ನೋಡಿ. ಬಹಳ ಸಲ ಒಂದು ಇಡೀ ಬಾಬ್ತೇ ಬಿಟ್ಟುಹೋಗಿರುತ್ತದೆ. ಆಗ ವ್ಯತ್ಯಾಸದ ಮೊತ್ತವನ್ನೇ ಪಟ್ಟಿಯಲ್ಲಿ ಹುಡುಕಬೇಕು.

ಕೊನೆಯದಾಗಿ ಎಲ್ಲವನ್ನೂ ಒಮ್ಮೆ ನೆನಪು ಮಾಡಿಕೊಳ್ಳೋಣ. ಕಾಮಾಗಳಿಗೆ ಬಲದಿಂದ ಸಾವಿರ, ಲಕ್ಷ, ಕೋಟಿ ಎಂದು ಹೆಸರಿಡಿ. ಬಲತುದಿಯಲ್ಲಿ ಮೂರು ಮಣೆ, ಉಳಿದೆಡೆ ಎರಡು, ಯಾವುದೂ ಖಾಲಿ ಬೇಡ. ಕಾಮಾದ ಕೋಣೆಯಲ್ಲಿ ಸೊನ್ನೆ ಎಡಕ್ಕೆ, ಬಿಂದುವಿನ ನಂತರ ಬಲಕ್ಕೆ. ಕೂಡುವಾಗ ಬಲತುದಿ ಸಾವಿರಕ್ಕೆ ದಾಟುತ್ತದೆ, ಉಳಿದವು ನೂರಕ್ಕೆ. ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡಿ.

ಮರುದಿನ ಮಹಾಸಭೆಗೆ ನಾನೂ ಹೋಗಿದ್ದೆ. ಹುಡುಗ ಎದ್ದು ನಿಂತು ಪಟ್ಟಿ ಓದಿದ. ಪ್ರತಿ ಕಾಮಾ ಬಂದಾಗಲೂ ಒಂದು ಕ್ಷಣ ತಡೆದು ಅದರ ಹೆಸರು ಹೇಳುತ್ತಿದ್ದ. ಒಂದು ಕೋಟಿ. ಇಪ್ಪತ್ತಾರು ಲಕ್ಷ. ಮೂವತ್ತೆರಡು ಸಾವಿರ. ಮುನ್ನೂರು. ಮುಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದ ಸದಸ್ಯೆಯೊಬ್ಬರು ಅವನ ಜೊತೆಜೊತೆಗೇ ಬೆರಳು ಮಡಿಸುತ್ತಿದ್ದರು. ಓದಿ ಮುಗಿದಾಗ ಅವರು, "ಈ ಸಲ ನನಗೂ ಲೆಕ್ಕ ತಿಳೀತು ಕಣಪ್ಪಾ" ಅಂದರು.